ಪೋಷಣೆ ಕೋಚ್‌ಗೆ ವಾರದ ಟಿಪ್ಪಣಿ ಬರೆಯುವುದು ಹೇಗೆ?

"ಈ ವಾರ ತೂಕ ಅರ್ಧ ಕೆ.ಜಿ. ಏರಿದೆ. ಹಸಿವು ಪರವಾಗಿಲ್ಲ. ನಿದ್ರೆ ಸುಮಾರು. ಒಂದೆರಡು ಊಟ ತಪ್ಪಿತು." ಪೋಷಣೆ ಕೋಚ್‌ಗಳ ಕೈ ಸೇರುವ ವಾರದ ಟಿಪ್ಪಣಿಗಳಲ್ಲಿ ಹೆಚ್ಚಿನವು ಈ ಮಾದರಿಯವು. ಇದನ್ನು ಓದಿದ ಕೋಚ್ ಮುಂದಿನ ವಾರದ ಊಟದ ಯೋಜನೆಯಲ್ಲಿ ಏನನ್ನು ಬದಲಿಸಬೇಕು? ತೂಕ ಯಾವ ದಿನ ಏರಿತು, ಊಟ ಯಾವ ದಿನ ತಪ್ಪಿತು, ಆ ರಾತ್ರಿ ಏನಾಯಿತು ಎಂಬುದು ಗೊತ್ತಾಗದಿದ್ದರೆ ಅವರು ಊಹಿಸಬೇಕಾಗುತ್ತದೆ, ಮತ್ತು ಅಂಥ ಊಹೆ ಸಾಮಾನ್ಯವಾಗಿ ನಿಮ್ಮ ತಟ್ಟೆಯ ಅಳತೆಯನ್ನು ಕಡಿಮೆ ಮಾಡುವುದರಲ್ಲಿ ಮುಗಿಯುತ್ತದೆ.

ಹಂತ 1: ದಿನಕ್ಕೊಂದು ಸಾಲು

ಪುಸ್ತಕದಲ್ಲೋ ಮೊಬೈಲಿನಲ್ಲೋ ಪ್ರತಿದಿನ ಒಂದು ಸಾಲು ಬರೆದಿಡಿ. ಭಾನುವಾರ ರಾತ್ರಿ ಕುಳಿತು ಇಡೀ ವಾರವನ್ನು ನೆನಪಿನಿಂದ ತುಂಬಬೇಡಿ. ಮರೆತ ದಿನವನ್ನು ಖಾಲಿ ಬಿಡುವುದೇ ಸರಿ.

ಹಂತ 2: ತೂಕ

ಎಲ್ಲರೂ ಎಡವುವುದು ಇಲ್ಲಿಯೇ. ವಾರಕ್ಕೊಮ್ಮೆ ತೂಗಿ, ಆ ಒಂದು ಅಂಕಿಯನ್ನು ಹಿಂದಿನ ವಾರದ ಒಂದು ಅಂಕಿಯೊಂದಿಗೆ ಹೋಲಿಸುವುದನ್ನು ದಯವಿಟ್ಟು ಬಿಡಿ. ಕೊಬ್ಬು ಸ್ವಲ್ಪವೂ ಹೆಚ್ಚದೆ ದೇಹದ ತೂಕ ದಿನದಿಂದ ದಿನಕ್ಕೆ ಒಂದು ಕೆ.ಜಿ. ಅಥವಾ ಅದಕ್ಕಿಂತ ತುಸು ಹೆಚ್ಚೇ ಏರಿಳಿಯಬಲ್ಲದು. ಹಿಂದಿನ ರಾತ್ರಿ ಉಪ್ಪು ಹೆಚ್ಚಿದ್ದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಿಷ್ಟದ ಆಹಾರ ಹೆಚ್ಚಾದಾಗ ಸ್ನಾಯು ಮತ್ತು ಯಕೃತ್ತಿನಲ್ಲಿ ಅದು ಗ್ಲೈಕೊಜನ್ ಎಂಬ ರೂಪದಲ್ಲಿ ಶೇಖರಗೊಂಡು, ಅದರ ಜೊತೆಗೆ ನೀರೂ ಸೇರುತ್ತದೆ. ಮಲಬದ್ಧತೆ, ಮುಟ್ಟಿನ ಮುಂಚಿನ ದಿನಗಳು, ಹೊಸದಾಗಿ ಆರಂಭಿಸಿದ ಭಾರ ಎತ್ತುವ ವ್ಯಾಯಾಮ ಇವೆಲ್ಲವೂ ತಕ್ಕಡಿಯಲ್ಲಿ ಕಾಣಿಸಿಕೊಳ್ಳುತ್ತವೆ. ವಾರದಲ್ಲಿ ಇಳಿಯುವ ಕೊಬ್ಬು ಹೆಚ್ಚಿನವರಲ್ಲಿ ಅರ್ಧ ಕೆ.ಜಿ.ಯ ಆಸುಪಾಸಿನದಾದ್ದರಿಂದ ಈ ನೀರಿನ ಏರಿಳಿತ ಅದನ್ನು ಸುಲಭವಾಗಿ ಮುಚ್ಚಿಬಿಡುತ್ತದೆ.

ಆದ್ದರಿಂದ ವಾರದಲ್ಲಿ ಕನಿಷ್ಠ ನಾಲ್ಕು ದಿನ, ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನನ್ನೂ ತಿನ್ನದೆ ಕುಡಿಯದೆ, ಒಂದೇ ಬಗೆಯ ತೆಳು ಬಟ್ಟೆಯಲ್ಲಿ ತೂಗಿ, ಬಂದ ಅಂಕಿಗಳ ಸರಾಸರಿಯನ್ನು ಬರೆಯಿರಿ. ಸರಾಸರಿಯನ್ನು ಸರಾಸರಿಯೊಂದಿಗೆ ಮಾತ್ರ ಹೋಲಿಸಬೇಕು. ಮುಟ್ಟಾಗುವವರು ಈ ವಾರದ ಸರಾಸರಿಯನ್ನು ಹಿಂದಿನ ಚಕ್ರದ ಇದೇ ವಾರದ ಸರಾಸರಿಯ ಪಕ್ಕದಲ್ಲಿಯೂ ಇಟ್ಟು ನೋಡುವುದು ಒಳ್ಳೆಯದು.

ತಕ್ಕಡಿ ಗಟ್ಟಿ ಹಾಗೂ ಸಮತಟ್ಟಾದ ನೆಲದ ಮೇಲಿರಲಿ. ಚಾಪೆ, ಜಮಖಾನೆಗಳ ಮೇಲೆ ಬೇಡ. ಕೆಲವು ಡಿಜಿಟಲ್ ತಕ್ಕಡಿಗಳಿಗೆ ಇನ್ನೊಂದು ಕೆಟ್ಟ ಅಭ್ಯಾಸವಿದೆ: ಎರಡನೆಯ ಸಲ ನಿಂತಾಗ ವ್ಯತ್ಯಾಸ ಅಲ್ಪವಾಗಿದ್ದರೆ, ನಿಖರವೆಂದು ತೋರಿಸಿಕೊಳ್ಳಲು ಹಿಂದಿನ ಅಂಕಿಯನ್ನೇ ಮತ್ತೆ ತೋರಿಸುತ್ತವೆ. ಒಮ್ಮೆ ತೂಗಿ ಇಳಿದು, ಕಾಲು ಲೀಟರ್ ನೀರಿನ ಬಾಟಲಿಯನ್ನು ಹಿಡಿದು ಮತ್ತೆ ನಿಂತಾಗಲೂ ಅಂಕಿ ಕದಲದಿದ್ದರೆ ಆ ತಕ್ಕಡಿ ನಿಮಗೆ ಬೇಡ. ದೇಹದ ಕೊಬ್ಬಿನ ಶೇಕಡಾವಾರು ತೋರಿಸುವ ತಕ್ಕಡಿಗೆ ಹೆಚ್ಚು ಹಣ ಕೊಡುವುದನ್ನೂ ನಾನು ಒಪ್ಪುವುದಿಲ್ಲ. ಅದು ಪಾದಗಳ ಮೂಲಕ ಸಣ್ಣ ವಿದ್ಯುತ್ ಹರಿಸಿ ಕೊಬ್ಬನ್ನು ಅಂದಾಜು ಮಾಡುವುದರಿಂದ ನೀವು ಕುಡಿದ ನೀರಿಗೆ ತಕ್ಕಂತೆ ಅಂಕಿ ಬದಲಾಗುತ್ತದೆ. ಆ ಅಂಕಿಯನ್ನು ಟಿಪ್ಪಣಿಗೆ ಸೇರಿಸಬೇಡಿ.

ಹಂತ 3: ಹಸಿವು

ಸೊನ್ನೆಯಿಂದ ಹತ್ತರ ಅಳತೆ ಸಾಕು, ಆದರೆ ಅಂಕಿಗಳ ಅರ್ಥವನ್ನು ಮೊದಲೇ ಗೊತ್ತುಪಡಿಸಿಕೊಳ್ಳಿ. ಸೊನ್ನೆಯೆಂದರೆ ಊಟದ ಯೋಚನೆಯೇ ಇಲ್ಲ. ಐದೆಂದರೆ ಊಟ ಸಿಕ್ಕರೆ ಚೆನ್ನ, ಇನ್ನೊಂದು ಗಂಟೆ ಕಾಯಬಲ್ಲೆ. ಒಂಬತ್ತೆಂದರೆ ಎದುರಿಗೆ ಏನಿದ್ದರೂ ತಿನ್ನುವ ಸ್ಥಿತಿ. ದಿನದಲ್ಲಿ ಹಸಿವು ಅತಿ ಹೆಚ್ಚಾದ ಹೊತ್ತು ಮತ್ತು ಆಗಿನ ಅಂಕಿ, ಇವೆರಡನ್ನು ಮಾತ್ರ ಬರೆಯಿರಿ. ಇಲ್ಲಿ ವಾರದ ಸರಾಸರಿ ತೆಗೆಯಕೂಡದು: ತೂಕದ ಜಿಗಿತಗಳನ್ನು ಸರಾಸರಿಯಲ್ಲಿ ಕರಗಿಸುವುದು ಉಪಯುಕ್ತ, ಹಸಿವಿನ ಜಿಗಿತಗಳನ್ನೋ ಕೋಚ್ ಹುಡುಕುತ್ತಿರುತ್ತಾರೆ.

ಹಂತ 4: ನಿದ್ರೆ

ಮಲಗಿದ ಹೊತ್ತು, ಎದ್ದ ಹೊತ್ತು, ನಡುವೆ ಬಹಳ ಕಾಲ ಎಚ್ಚರವಿದ್ದರೆ ಅದು. ಕೈಗಡಿಯಾರ ತೋರಿಸುವ ಗಾಢ ನಿದ್ರೆಯ ನಿಮಿಷಗಳು ಬೇಕಿಲ್ಲ.

ಹಂತ 5: ತಪ್ಪಿದ ಊಟ

ಯಾವ ಊಟ ತಪ್ಪಿತು ಎಂಬುದರ ಜೊತೆಗೆ ಏಕೆ ತಪ್ಪಿತು, ಅದಾದ ಮೇಲೆ ಏನು ತಿಂದಿರಿ ಎಂಬುದೂ ಇರಬೇಕು. ಹಸಿವಾಗದೆ ಬಿಟ್ಟ ಊಟ, ಬಿಡುವಿಲ್ಲದೆ ತಪ್ಪಿದ ಊಟ, ತೂಕ ಬೇಗ ಇಳಿಯಲೆಂದು ಬೇಕೆಂದೇ ಬಿಟ್ಟ ಊಟ ಇವು ಮೂರೂ ಬೇರೆ ಬೇರೆ. ಮೊದಲನೆಯದಾದರೆ ಹಿಂದಿನ ಊಟದ ಪ್ರಮಾಣವನ್ನು ನೋಡಬೇಕು, ಎರಡನೆಯದಾದರೆ ಹೊತ್ತನ್ನು ಬದಲಿಸಬೇಕು. ಮೂರನೆಯದನ್ನು ಜನರು ಮುಜುಗರದಿಂದ ಮುಚ್ಚಿಡುತ್ತಾರೆ. ಆಗ ಕೋಚ್ ನೀವು ಮಾಡದ ಊಟವನ್ನೂ ಲೆಕ್ಕಕ್ಕೆ ಹಿಡಿದು ಯೋಜನೆ ಮಾಡುತ್ತಾರೆ.

ಹಂತ 6: ನಾಲ್ಕನ್ನೂ ಒಂದೆಡೆ ಇಡುವುದು

ಒಂದು ಉದಾಹರಣೆ ನೋಡೋಣ. ಸೋಮವಾರದಿಂದ ಬುಧವಾರದವರೆಗೆ 78.2, 78.0, 77.9, ಗುರುವಾರ ತೂಗಲಿಲ್ಲ, ಶುಕ್ರವಾರ 79.1, ಶನಿವಾರ 78.6, ಭಾನುವಾರ 78.0. ಹಿಂದಿನ ಶುಕ್ರವಾರ 78.6 ಇತ್ತು. ಶುಕ್ರವಾರ ಮಾತ್ರ ತೂಗುವವರಾಗಿದ್ದರೆ ಆರಂಭದಲ್ಲಿ ಕಂಡ "ಅರ್ಧ ಕೆ.ಜಿ. ಏರಿದೆ" ಎಂಬ ವಾಕ್ಯವೇ ಹೋಗುತ್ತಿತ್ತು. ಆರು ದಿನಗಳ ಸರಾಸರಿ 78.3 ಆಗಿರುವುದರಿಂದ ಕಳುಹಿಸಬೇಕಾದ ಟಿಪ್ಪಣಿ ಹೀಗಿರುತ್ತದೆ:

"ತೂಕ: ಸರಾಸರಿ 78.3 ಕೆ.ಜಿ., ಆರು ದಿನಗಳದ್ದು. ಹಿಂದಿನ ಎರಡು ವಾರಗಳು 79.0 ಮತ್ತು 78.7. ಬುಧವಾರ 77.9, ಶುಕ್ರವಾರ 79.1.
ಹಸಿವು: ಮಂಗಳವಾರ ಮತ್ತು ಗುರುವಾರ ಸಂಜೆ ಆರಕ್ಕೆ 9, ಉಳಿದ ದಿನ ಸಂಜೆ 4 ಅಥವಾ 5.
ನಿದ್ರೆ: ಗುರುವಾರ ರಾತ್ರಿ 12.30ರಿಂದ 5.30; ಉಳಿದ ದಿನ ಏಳು ಗಂಟೆ.
ತಪ್ಪಿದ ಊಟ: ಮಂಗಳವಾರ, ಗುರುವಾರ ಮಧ್ಯಾಹ್ನ, ಸಭೆಯಿಂದಾಗಿ. ಎರಡೂ ರಾತ್ರಿ ಎಂದಿನ ಎರಡರಷ್ಟು ಊಟ. ಮಂಗಳವಾರ ಮನೆಯಲ್ಲಿ ಎಂಟಕ್ಕೆ, ಗುರುವಾರ ಹೊರಗೆ ಹತ್ತೂವರೆಗೆ, ಉಪ್ಪು ಹೆಚ್ಚು.
ಪ್ರಶ್ನೆ: ಸಭೆಯ ದಿನ ಮಧ್ಯಾಹ್ನದ ಊಟವನ್ನು 11.30ಕ್ಕೇ ಮಾಡಬಹುದೇ?"

ಇದರಿಂದ ಕೋಚ್‌ಗೆ ಏನೇನು ತಿಳಿಯುತ್ತದೆ ನೋಡಿ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಇರುವುದರಿಂದ, ಎರಡು ದಿನಗಳಲ್ಲಿ ಕಂಡ 1.2 ಕೆ.ಜಿ. ಏರಿಕೆ ಕೊಬ್ಬಾಗಬೇಕಿದ್ದರೆ 9,000 ಕಿಲೋಕ್ಯಾಲರಿಗೂ ಮಿಕ್ಕಿ ಹೆಚ್ಚುವರಿ ಆಹಾರ ಬೇಕಿತ್ತು. ಒಂದು ರಾತ್ರಿಯ ಊಟ ಅಷ್ಟಾಗುವುದಿಲ್ಲ. ಮಂಗಳವಾರವೂ ಎರಡರಷ್ಟು ಉಂಡಿದ್ದರೂ ಬುಧವಾರ ತೂಕ ಏರಲಿಲ್ಲ, ಗುರುವಾರದ ಉಪ್ಪಿನ, ತಡರಾತ್ರಿಯ ಊಟದ ಮರುದಿನ ಏರಿ ಭಾನುವಾರದೊಳಗೆ ಇಳಿಯಿತು. ಹಾಗಾಗಿ ಅದು ಬಹುಪಾಲು ನೀರು ಮತ್ತು ಹೊಟ್ಟೆಯಲ್ಲಿ ಉಳಿದಿದ್ದ ಆಹಾರ. ಇಳಿಕೆಯ ಹಾದಿ ಸರಿಯಾಗಿಯೇ ಇದೆ, ಊಟದ ಪ್ರಮಾಣವನ್ನು ಮುಟ್ಟಬೇಕಿಲ್ಲ. ಸರಿಪಡಿಸಬೇಕಾದದ್ದು ಸಭೆಯ ದಿನದ ಮಧ್ಯಾಹ್ನ.

ಟಿಪ್ಪಣಿಯ ಬದಲು ಆ್ಯಪ್‌ನ ಗ್ರಾಫಿನ ಚಿತ್ರವನ್ನು ಕಳುಹಿಸುವುದು ಸುಲಭ ನಿಜ, ಆದರೆ ಅದರಲ್ಲಿ ಶುಕ್ರವಾರದ ಮೊನೆ ಕಾಣುತ್ತದೆಯೇ ಹೊರತು ಗುರುವಾರದ ಸಭೆ ಕಾಣುವುದಿಲ್ಲ. ಐದು ನಿಮಿಷದ ಧ್ವನಿ ಸಂದೇಶವೂ ಬೇಡ; ಮೂರು ವಾರಗಳ ನಂತರ ಅದರೊಳಗಿನ ಅಂಕಿಯೊಂದನ್ನು ಹುಡುಕುವವರ ಪಾಡು ಹೇಳತೀರದು.

ವಾರದ ಟಿಪ್ಪಣಿಗಾಗಿ ಕಾಯಬಾರದ ಸಂಗತಿಗಳೂ ಇವೆ. ಇನ್ಸುಲಿನ್ ಅಥವಾ ಸಕ್ಕರೆ ಅಂಶವನ್ನು ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿದಾಗ ಏನು ಮಾಡಬೇಕೆಂಬುದನ್ನು ಮೊದಲೇ ವೈದ್ಯರಿಂದ ತಿಳಿದಿರಬೇಕು, ನಡುಕ, ಬೆವರು ಕಂಡರೆ ಆ ಕ್ಷಣವೇ ಅದರಂತೆ ನಡೆಯಬೇಕು. ತೂಕ ದಿಢೀರನೆ ಏರುವುದರ ಜೊತೆಗೆ ಕಾಲು ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಅದು ಕೋಚ್‌ನ ವಿಷಯವಲ್ಲ, ವೈದ್ಯರದು. ಹಿಂದೆ ಆಹಾರ ಸೇವನೆಯ ಕಾಯಿಲೆ ಇದ್ದವರು, ಅಥವಾ ಬೆಳಗಿನ ಅಂಕಿ ನೋಡಿ ಅಂದಿನ ಊಟ ಬಿಡಬೇಕೆನಿಸುವವರು, ದಿನವೂ ತೂಗುವುದನ್ನು ನಿಲ್ಲಿಸಿ ಅದನ್ನು ಕೋಚ್‌ಗೆ ತಿಳಿಸಲಿ. ಅವರ ಟಿಪ್ಪಣಿ ಹಸಿವು, ನಿದ್ರೆ, ತಪ್ಪಿದ ಊಟ ಈ ಮೂರರಿಂದಲೇ ನಡೆಯಬಹುದು.