ಚಕ್ರಮೊಗ್ಗಿನ ಚಹಾ: ಕುದಿಸುವ ಮುನ್ನ ಮೊಗ್ಗನ್ನು ನೋಡಿ

ಕೆಮ್ಮಿಗೆ, ಹೊಟ್ಟೆಯುಬ್ಬರಕ್ಕೆ ಚಕ್ರಮೊಗ್ಗಿನ ಚಹಾ ಕುಡಿಯುವವರು ಪುಡಿ ಕೊಳ್ಳಬೇಡಿ, ಇಡೀ ಮೊಗ್ಗನ್ನೇ ಕೊಳ್ಳಿ. ಅಡುಗೆಗೆ ಬಳಸುವುದು ಚೀನಾ, ವಿಯೆಟ್ನಾಂ ಕಡೆಯ ಜಾತಿ. ಜಪಾನಿನಲ್ಲಿ ಸಮಾಧಿಗಳ ಬಳಿ ಬೆಳೆಸುವ ಶಿಕಿಮಿ ಮರದ ಕಾಯಿ ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಆದರೆ ಅದು ವಿಷ. ಅದರಲ್ಲಿರುವ ಅನಿಸಾಟಿನ್ ವಾಂತಿ ಮತ್ತು ಫಿಟ್ಸ್ ತರುತ್ತದೆ. ನೀರಲ್ಲಿ ಕುದಿಸಿದರೂ ಅಪಾಯ ತಪ್ಪುವುದಿಲ್ಲ. 2001ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಜನ ಆಸ್ಪತ್ರೆ ಸೇರಿದ್ದು ಇಂಥ ಬೆರಕೆ ಚಹಾ ಕುಡಿದೇ.

ಒಳ್ಳೆಯ ಮೊಗ್ಗಿಗೆ ಸಾಮಾನ್ಯವಾಗಿ ಎಂಟು ದಪ್ಪ ಎಸಳು, ತುದಿ ಮೊಂಡು. ಮುರಿದರೆ ಸೋಂಪಿನ ಸಿಹಿ ಘಮ. ಶಿಕಿಮಿ ಕಾಯಿ ಚಿಕ್ಕದು, ಎಸಳಿನ ತುದಿ ಕೊಕ್ಕೆಯಂತೆ ಬಾಗಿರುತ್ತದೆ, ಸೋಂಪಿನ ವಾಸನೆ ಇರುವುದಿಲ್ಲ. ಆದರೂ ಬೆರೆತ ಮಾಲಿನಲ್ಲಿ ಕಣ್ಣು, ಮೂಗನ್ನು ಪೂರ್ತಿ ನಂಬುವಂತಿಲ್ಲ, ಖಚಿತವಾಗಿ ಹೇಳುವುದು ಲ್ಯಾಬ್ ಪರೀಕ್ಷೆ ಮಾತ್ರ. ಹಾಗಾಗಿ ಬಿಡಿ ಮಾಲು ಬೇಡ, ಅನುಮಾನ ಬಂದರೆ ಇಡೀ ಪೊಟ್ಟಣವನ್ನೇ ಎಸೆಯಿರಿ.

ದೊಡ್ಡವರಿಗೆ ಒಂದು ಲೋಟ ನೀರಿಗೆ ಒಂದೇ ಮೊಗ್ಗು, ಸುಮಾರು 1 ಗ್ರಾಂ. ಕುದಿಯುವ ನೀರು ಸುರಿದು, ಮುಚ್ಚಿ 10 ನಿಮಿಷ ಬಿಟ್ಟು ಸೋಸಿ. ಮುಚ್ಚದಿದ್ದರೆ ಘಮದೆಣ್ಣೆ ಆವಿಯಾಗಿ ಹೋಗುತ್ತದೆ. ಹೊಟ್ಟೆಗಾದರೆ ಊಟದ ನಂತರ. ದಿನಕ್ಕೆ ಎರಡು ಲೋಟ ಸಾಕು, 3 ಗ್ರಾಂ ದಾಟಬೇಡಿ. ಇದು ಗಂಟಲಿಗೆ ಹಿತ ಕೊಡುತ್ತದೆ, ಕೆಮ್ಮಿನ ಕಾರಣವನ್ನು ವಾಸಿಮಾಡದು.

ಶಿಶುಗಳಿಗೆ ಒಂದು ಚಮಚವೂ ಬೇಡ. ಗರ್ಭಿಣಿಯರು, ಫಿಟ್ಸ್ ಇರುವವರು ಕುಡಿಯಬೇಡಿ. ಕುಡಿದ ಮೇಲೆ ವಾಂತಿ, ನಡುಕ, ಕಣ್ಣುಗುಡ್ಡೆ ಅದುರುವುದು ಕಂಡರೆ ಉಳಿದ ಮೊಗ್ಗನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.