ಶಾಲೆಯ ಐಡಿ ಕಾರ್ಡಿನಲ್ಲಿ ಫೋಟೊ ಮಸುಕಾಗಿದ್ದರೆ: ಕಾರವಾರಕ್ಕೆ ಹೊಸದಾಗಿ ಬಂದವರಿಗೆ

ಕಾರವಾರದ ಶಾಲೆಗಳಲ್ಲಿ ಮಕ್ಕಳ ಫೋಟೊ ತೆಗೆಯುವುದು ಹೆಚ್ಚಾಗಿ ಜೂನ್, ಜುಲೈನಲ್ಲಿ. ಆಗ ಇಲ್ಲಿ ಮಳೆ ಹೇಗಿರುತ್ತದೆ ಎಂಬುದನ್ನು ಬಯಲುಸೀಮೆಯಿಂದ ಬಂದವರು ಮೊದಲ ವರ್ಷ ನೋಡಿಯೇ ತಿಳಿಯಬೇಕು. ಹಗಲು ಹನ್ನೊಂದಕ್ಕೂ ತರಗತಿಯಲ್ಲಿ ಕತ್ತಲೆ, ಮಕ್ಕಳ ತಲೆ ಒದ್ದೆ, ಕರೆಂಟ್ ಇದ್ದರೆ ಇತ್ತು. ಫೋಟೊಗ್ರಾಫರ್ ಒಂದೇ ದಿನದಲ್ಲಿ ಇಡೀ ಶಾಲೆಯ ಮಕ್ಕಳನ್ನು ಮುಗಿಸಬೇಕು. ಹಾಗಾಗಿ ಕೆಲವರ ಫೋಟೊ ಕೆಡುತ್ತದೆ.

ನಾವು ವಿಜಯಪುರದಿಂದ ಬಂದ ವರ್ಷ ನಮ್ಮ ಮಗಳಿಗೂ ಹೀಗೇ ಆಯಿತು. ಅವಳು ಆರನೇ ತರಗತಿ, ಕನ್ನಡಕ ಹಾಕುತ್ತಾಳೆ. ಕಾರ್ಡಿನಲ್ಲಿ ಕಣ್ಣಿನ ಜಾಗದಲ್ಲಿ ಎರಡು ಬಿಳಿ ಮಚ್ಚೆ ಮಾತ್ರ ಇದ್ದವು. ದಿನಾ ಸದಾಶಿವಗಡದಿಂದ ಕಾಳಿ ಸೇತುವೆ ದಾಟಿ ಬಸ್ಸಿನಲ್ಲಿ ಹೋಗುವ ಹುಡುಗಿ. ಕಂಡಕ್ಟರ್ ಕಾರ್ಡು ನೋಡಿ "ಇದು ನೀನೇನಾ?" ಎಂದು ಕೇಳಿದರಂತೆ. ಅವಳು ಅಳುತ್ತಾ ಮನೆಗೆ ಬಂದಳು.

ಹೊಸ ಕಾರ್ಡು ಕೊಡಿ ಎಂದು ಶಾಲೆಗೆ ಪತ್ರ ಬರೆಯುವ ಮೊದಲು ಈಗಿನ ಕಾರ್ಡನ್ನು ಕಿಟಕಿಯ ಬೆಳಕಿನಲ್ಲಿ ಹಿಡಿದು ಅಕ್ಷರಗಳನ್ನು ನೋಡಿ. ಹೆಸರು, ವಿಳಾಸ ಸ್ಪಷ್ಟವಾಗಿದ್ದು ಮುಖ ಮಾತ್ರ ಮಸುಕಾಗಿದ್ದರೆ ತಪ್ಪು ಫೋಟೊದ್ದು, ಮತ್ತೆ ತೆಗೆಯಬೇಕು. ಅಕ್ಷರಗಳೂ ಹರಡಿಕೊಂಡಿದ್ದರೆ ಹೆಚ್ಚಾಗಿ ತಪ್ಪು ಮುದ್ರಣದ್ದು. ಆಗ ಇರುವ ಫೋಟೊದಿಂದಲೇ ಇನ್ನೊಂದು ಕಾರ್ಡು ಮಾಡಿಕೊಡಿ ಎಂದರೆ ಸಾಕು. ಇದನ್ನು ನೋಡದೆ ಬರೆದರೆ ಶಾಲೆಯವರಿಗೂ ನಿಮಗೂ ಸುಮ್ನೆ ಎರಡು ಓಡಾಟ.

ಫೋಟೊ ಹೇಗೆ ಕೆಟ್ಟಿದೆ ಎಂಬುದನ್ನೂ ಗಮನಿಸಿ. ಮುಖದ ಅಂಚು ಎರಡೆರಡಾಗಿ ಕಂಡರೆ ಮಗು ಅಥವಾ ಕ್ಯಾಮೆರಾ ಅಲುಗಾಡಿದೆ. ಮುಖ ಕಪ್ಪಾಗಿ ಹಿಂದೆ ಬೆಳ್ಳಗಿದ್ದರೆ ಕಿಟಕಿಗೆ ಬೆನ್ನು ಹಾಕಿ ನಿಲ್ಲಿಸಿದ್ದಾರೆ. ಕನ್ನಡಕ ಬೆಳ್ಳಗಾಗಿದ್ದರೆ ಫ್ಲ್ಯಾಶ್ ಹೊಳೆದಿದೆ. ಕಾರಣವನ್ನು ಪತ್ರದಲ್ಲಿ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ಎರಡನೇ ಸಲವೂ ಅದೇ ಜಾಗ, ಅದೇ ಫ್ಲ್ಯಾಶ್.

ಡೈರಿಯಲ್ಲಿ ಬರೆದರೆ ಆಗುವುದಿಲ್ವಾ ಎಂದು ಕೆಲವರು ಕೇಳುತ್ತಾರೆ. ಡೈರಿಯನ್ನು ತರಗತಿ ಶಿಕ್ಷಕರು ನೋಡಿ ಸಹಿ ಹಾಕುತ್ತಾರೆ, ಮಾತು ಅಲ್ಲಿಗೇ ನಿಲ್ಲಬಹುದು. ಬೇರೆ ಹಾಳೆಯಲ್ಲಿ ಬರೆದರೆ ಅದು ಆಫೀಸಿಗೆ ಹೋಗುತ್ತದೆ. ನಾವು ಬರೆದದ್ದು ಹೀಗಿತ್ತು:

ಇವರಿಗೆ,
ಮುಖ್ಯೋಪಾಧ್ಯಾಯರು, ........ ಶಾಲೆ, ಕಾರವಾರ
(ತರಗತಿ ಶಿಕ್ಷಕರ ಮೂಲಕ)

ಮಾನ್ಯರೆ,
ವಿಷಯ: ಗುರುತಿನ ಚೀಟಿಗೆ ಮತ್ತೊಮ್ಮೆ ಫೋಟೊ ತೆಗೆಸುವ ಬಗ್ಗೆ

ನನ್ನ ಮಗಳು ........ ತಮ್ಮ ಶಾಲೆಯಲ್ಲಿ 6ನೇ ತರಗತಿ 'ಬಿ' ವಿಭಾಗದಲ್ಲಿ ಓದುತ್ತಿದ್ದಾಳೆ. ಹಾಜರಿ ಸಂಖ್ಯೆ ....... ಅವಳ ಗುರುತಿನ ಚೀಟಿಯ ಫೋಟೊದಲ್ಲಿ ಕನ್ನಡಕದ ಮೇಲೆ ಫ್ಲ್ಯಾಶ್ ಬಿದ್ದು ಕಣ್ಣುಗಳು ಕಾಣುತ್ತಿಲ್ಲ. ಬಸ್ಸಿನಲ್ಲಿ ಗುರುತು ಹಿಡಿಯಲು ತೊಂದರೆಯಾಗಿದೆ. ದಯವಿಟ್ಟು ಮತ್ತೊಮ್ಮೆ ಫೋಟೊ ತೆಗೆಸಿ ಹೊಸ ಚೀಟಿ ಕೊಡಿಸಬೇಕೆಂದು ಕೋರುತ್ತೇನೆ. ದಿನ ತಿಳಿಸಿದರೆ ಸಮವಸ್ತ್ರದಲ್ಲಿ ಕಳಿಸುತ್ತೇವೆ. ಸ್ಟುಡಿಯೊ ಫೋಟೊ ಆಗುವುದಾದರೆ ಅದನ್ನೇ ತಂದುಕೊಡುತ್ತೇವೆ. ಹೊಸದು ಬರುವವರೆಗೆ ಈಗಿನ ಚೀಟಿ ಅವಳ ಬಳಿಯೇ ಇರಲು ಅನುಮತಿ ಕೊಡಿ.

ಇಂತಿ ತಮ್ಮ ವಿಶ್ವಾಸಿ,
(ಪೋಷಕರ ಸಹಿ, ಮೊಬೈಲ್ ಸಂಖ್ಯೆ, ದಿನಾಂಕ)

ಕಡೆಯ ಸಾಲನ್ನು ಬಿಡಬೇಡಿ. ಮೊದಲೇ ಕಾರ್ಡು ಕೊಟ್ಟುಬಿಟ್ಟರೆ ಮಗು ಎಷ್ಟೋ ದಿನ ಕಾರ್ಡಿಲ್ಲದೆ ಓಡಾಡಬೇಕಾಗುತ್ತದೆ. ಕಾರ್ಡಿನ ಜೆರಾಕ್ಸ್ ಲಗತ್ತಿಸಿ ಪ್ರಯೋಜನವಿಲ್ಲ, ಜೆರಾಕ್ಸಿನಲ್ಲಿ ಒಳ್ಳೆಯ ಫೋಟೊ ಕೂಡ ಕಪ್ಪಾಗಿಯೇ ಬರುತ್ತದೆ. ಪತ್ರ ಕೊಡುವಾಗ ಕಾರ್ಡನ್ನೇ ತೋರಿಸಿ. ತರಗತಿಯ ವಾಟ್ಸಾಪ್ ಗುಂಪಿಗೆ ಮಾತ್ರ ಅದರ ಚಿತ್ರ ಹಾಕಬೇಡಿ. ಅದರಲ್ಲಿ ಮಗುವಿನ ವಿಳಾಸ, ನಿಮ್ಮ ನಂಬರು ಎಲ್ಲ ಇರುತ್ತದೆ ಅಲ್ವಾ?

ಪತ್ರ ಕೊಟ್ಟ ದಿನವೇ ಇನ್ನೊಂದು ಮಾತು ಕೇಳಿ: ಗೈರುಹಾಜರಾಗಿದ್ದ ಮಕ್ಕಳ ಫೋಟೊ ತೆಗೆಯಲು ಫೋಟೊಗ್ರಾಫರ್ ಮತ್ತೆ ಯಾವಾಗ ಬರುತ್ತಾರೆ? ಒಂದು ಮಗುವಿಗಾಗಿ ಅವರನ್ನು ಕರೆಸುವುದು ಶಾಲೆಗೂ ಕಷ್ಟ. ಆ ದಿನಕ್ಕೆ ನಿಮ್ಮ ಮಗುವಿನ ಹೆಸರು ಸೇರಿದರೆ ಕೆಲಸ ಸುಲಭ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟರೆ ಆ ದಿನ ಮುಂದೆ ಹೋಗುತ್ತದೆ, ಆಗ ಮತ್ತೆ ವಿಚಾರಿಸಿ. ನಮಗೆ ಹಾಗೆ ಎರಡು ಸಲ ಆಯಿತು.

ಕನ್ನಡಕದ ಮಕ್ಕಳಿಗೆ ಒಂದು ಉಪಾಯ ಹೇಳಿಕೊಡಿ. ಕಿವಿಯ ಮೇಲಿನ ಕಡ್ಡಿಗಳನ್ನು ಚೂರು ಎತ್ತಿದರೆ ಗಾಜು ಸ್ವಲ್ಪ ಕೆಳಕ್ಕೆ ಬಾಗುತ್ತದೆ, ಫ್ಲ್ಯಾಶ್ ಕ್ಯಾಮೆರಾದತ್ತ ಹೊಳೆಯುವುದಿಲ್ಲ. ಕನ್ನಡಕ ತೆಗೆಸಬೇಡಿ. ದಿನಾ ಹಾಕುವ ಮಗು ಕಾರ್ಡಿನಲ್ಲೂ ಹಾಗೇ ಕಾಣಬೇಕು. ಚೀಲದಲ್ಲಿ ಒಂದು ಒಣ ಟವೆಲ್, ಬಾಚಣಿಗೆ ಇಟ್ಟು ಕಳಿಸಿ.

ಹೊಸ ಕಾರ್ಡು ಬಂದಾಗ ಫೋಟೊ ಚೆನ್ನಾಗಿದೆ ಎಂದು ಅಲ್ಲಿಗೇ ಬಿಡಬೇಡಿ. ಕೆಲವು ಕಡೆ ವಿವರಗಳನ್ನೂ ಹೊಸದಾಗಿ ಟೈಪ್ ಮಾಡುತ್ತಾರೆ. ನಮ್ಮ ಮಗಳ ಮುಖ ಈ ಸಲ ಚೆನ್ನಾಗಿ ಬಂದಿತ್ತು, ಆದರೆ ನಮ್ಮ ಮೊಬೈಲ್ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು. ಹಳೆಯ ಕಾರ್ಡು ಕೈಯಲ್ಲೇ ಇದ್ದುದರಿಂದ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಅಲ್ಲೇ ಆಫೀಸಿನಲ್ಲಿ ತೋರಿಸಿ, ಸರಿ ಮಾಡಿಸಿಕೊಂಡ ಮೇಲೆ ಹಳೆಯದನ್ನು ಕೊಟ್ಟೆವು.