ಬುತ್ತಿ ಕೆಡದಿರಲು ಐಸ್‌ನ ಲೆಕ್ಕ

ಐಸ್ ಬಾಕ್ಸ್‌ಗೆ ತಂಪು ಮಾಡುವ ಶಕ್ತಿ ಇಲ್ಲ. ಒಳಗಿಟ್ಟ ತಂಪನ್ನು ಒಂದಷ್ಟು ಹೊತ್ತು ಹಿಡಿದಿಡುವುದಷ್ಟೇ ಅದರ ಕೆಲಸ. ಇದನ್ನು ಮರೆತು ಬೆಳಗ್ಗೆ ಮಾಡಿದ ಬಿಸಿ ಅಡುಗೆ, ಅಡುಗೆಮನೆಯಲ್ಲೇ ಇದ್ದ ನೀರಿನ ಬಾಟಲಿ, ಎರಡು ಹಿಡಿ ಐಸ್ ಎಲ್ಲವನ್ನೂ ಒಟ್ಟಿಗೆ ತುಂಬಿ ಹೊರಟರೆ ಮಧ್ಯಾಹ್ನಕ್ಕೆ ಸಿಗುವುದು ಉಗುರುಬೆಚ್ಚಗಿನ ನೀರಿನಲ್ಲಿ ತೇಲುವ ಡಬ್ಬಿಗಳು. ತಂಪು ಮಾಡುವ ಕೆಲಸ ಹಿಂದಿನ ರಾತ್ರಿಯೇ ಮನೆಯಲ್ಲಿ ಮುಗಿಯಬೇಕು.

ಕಾಯಬೇಕಾದ ಗಡಿ ಎರಡು. ತಣ್ಣಗಿನ ಆಹಾರ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಬಿಸಿ ಆಹಾರ 60 ಡಿಗ್ರಿಗಿಂತ ಮೇಲೆ ಇರಬೇಕು. ನಡುವಿನ ಶಾಖದಲ್ಲಿ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ. ಬೇಯಿಸಿದ ಅನ್ನ, ಮಾಂಸ, ಮೊಟ್ಟೆ, ಹಾಲಿನ ಪದಾರ್ಥ, ಕತ್ತರಿಸಿದ ಹಣ್ಣು ಈ ನಡುವಿನ ಶಾಖದಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹೊರಗಿನ ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಒಟ್ಟು ಎಂಬುದನ್ನು ಗಮನಿಸಿ: ಅಡುಗೆಕಟ್ಟೆಯ ಮೇಲೆ ಮುಕ್ಕಾಲು ಗಂಟೆ, ವಾಹನದಲ್ಲಿ ಅರ್ಧ ಗಂಟೆ, ಚಾಪೆಯ ಮೇಲೆ ಬಡಿಸಿಟ್ಟ ಹೊತ್ತು, ಎಲ್ಲವೂ ಕೂಡುತ್ತಾ ಹೋಗುತ್ತದೆ.

ಹಿಂದಿನ ದಿನ: ಅನ್ನದ ಮೇಲೆ ಹೆಚ್ಚು ಕಣ್ಣಿರಲಿ

ಮಾಂಸದ ಬಗ್ಗೆ ಎಲ್ಲರಿಗೂ ಅಂಜಿಕೆ ಇದೆ, ಅನ್ನದ ಬಗ್ಗೆ ಇಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಅವು ಕುದಿಯುವ ನೀರಿನಲ್ಲೂ ಉಳಿಯುತ್ತವೆ. ಅನ್ನ ನಿಧಾನವಾಗಿ ಆರುತ್ತಾ ಬೆಚ್ಚಗೆ ಕುಳಿತಿರುವಾಗ ಮೊಳೆತು, ಹೆಚ್ಚಿ, ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಅನ್ನವನ್ನು ಬೇಗ ತಣಿಸುವುದೊಂದೇ ದಾರಿ.

ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಫ್ರಿಜ್‌ನೊಳಗೆ ಇಟ್ಟರೂ ಅಷ್ಟೇ. ಅನ್ನವನ್ನು ಅಗಲವಾದ ತಟ್ಟೆಗಳಿಗೆ 5 ಸೆಂಟಿಮೀಟರ್ ಮೀರದಷ್ಟು ದಪ್ಪಕ್ಕೆ ಹರಡಿ, ಹಬೆ ಹೋದ ಮೇಲೆ ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ಸ್ವಲ್ಪ ಸಡಿಲವಾಗಿರಲಿ. ಗಟ್ಟಿ ಸಾರಿನಂಥ ಪದಾರ್ಥವಾದರೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ನಿಲ್ಲಿಸಿ, ಕದಡುತ್ತಾ, ನೀರು ಬೆಚ್ಚಗಾದಂತೆ ಬದಲಾಯಿಸುತ್ತಾ ಆರಿಸಿ. ಆಮೇಲೆ ಚಿಕ್ಕ, ಚಪ್ಪಟೆ ಡಬ್ಬಿಗಳಿಗೆ ಹಾಕಿ. ಒಂದು ದೊಡ್ಡ ಡಬ್ಬಿಗಿಂತ ಒಂದೊಂದು ಊಟಕ್ಕಾಗುವಷ್ಟರ ನಾಲ್ಕು ಡಬ್ಬಿಗಳೇ ಮೇಲು: ಬೇಗ ತಣ್ಣಗಾಗುತ್ತವೆ, ತಿನ್ನುವಾಗ ಬೇಕಾದ್ದನ್ನಷ್ಟೇ ತೆರೆಯಬಹುದು.

ಬೇಯಿಸಿದ ಮೊಟ್ಟೆಯ ಸಿಪ್ಪೆ ತೆಗೆಯಬೇಡಿ, ಒರೆಸಿ ಒಣಗಿಸಿ ಫ್ರಿಜ್‌ನಲ್ಲಿಡಿ. ಸಿಪ್ಪೆ ಇದೆಯಲ್ಲ ಎಂದು ಹೊರಗೆ ಬಿಡುವವರಿದ್ದಾರೆ, ಆದರೆ ಬೇಯಿಸಿದ ಮೇಲೆ ಆ ಸಿಪ್ಪೆಯ ಕಾವಲು ಮೊದಲಿನಂತೆ ಇರುವುದಿಲ್ಲ. ಹಣ್ಣನ್ನು ಕತ್ತರಿಸುವ ಮುನ್ನವೇ ಹೊರಮೈ ತೊಳೆಯಿರಿ. ಇಲ್ಲದಿದ್ದರೆ ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕುವೇ ತಿರುಳಿನೊಳಗೆ ಒಯ್ಯುತ್ತದೆ. ಕಲ್ಲಂಗಡಿ, ಕರ್ಬೂಜಗಳಲ್ಲಿ ಹುಳಿ ಕಡಿಮೆ, ಹಾಗಾಗಿ ಕತ್ತರಿಸಿದ ಮೇಲೆ ಅವು ಬೇಗ ಕೆಡುತ್ತವೆ. ಹಿಡಿದು ತಿನ್ನುವಂಥ ಇಡೀ ಹಣ್ಣಾದರೆ ಐಸ್ ಬಾಕ್ಸ್‌ನಲ್ಲಿ ಜಾಗವೇ ಬೇಡ.

ಐಸ್‌ಗೆ ಒಂದು ಲೀಟರಿಗಿಂತ ತುಸು ದೊಡ್ಡ ಬಾಟಲಿಗಳಲ್ಲಿ ಒಂದೊಂದು ಲೀಟರ್ ಕುಡಿಯುವ ನೀರನ್ನೇ ತುಂಬಿ ಫ್ರೀಜರ್‌ನಲ್ಲಿಡಿ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡದಷ್ಟು ಹಿಗ್ಗುತ್ತದೆ. ಬಾಟಲಿಯ ಕತ್ತಿನವರೆಗೆ ತುಂಬಿದರೆ ಒಡೆದೀತು, ಮೇಲೆ ಹತ್ತರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚೇ ಖಾಲಿ ಬಿಡಿ. ಒಳಗಿನ ತಿರುಳೂ ಗಟ್ಟಿಯಾಗಲು ಪೂರ್ತಿ ಒಂದು ದಿನ ಕೊಡಿ. ರಾತ್ರಿ ಮಲಗುವಾಗ ಇಟ್ಟ ಬಾಟಲಿ ಬೆಳಗ್ಗೆ ಹೊರಗಿನಿಂದ ಐಸ್‌ನಂತೆ ಕಂಡರೂ ಅಲುಗಿಸಿದಾಗ ಒಳಗೆ ನೀರು ಗುಳುಗುಳು ಎಂದರೆ ಅದು ಅರ್ಧ ಐಸ್ ಮಾತ್ರ. ದೊಡ್ಡ ಗಟ್ಟಿ ಐಸ್‌ಗೆ ಗಾಳಿ ತಾಗುವ ಮೈ ಕಡಿಮೆ, ಚಿಕ್ಕ ತುಂಡುಗಳಿಗಿಂತ ನಿಧಾನವಾಗಿ ಕರಗುತ್ತದೆ. ಕರಗಿದ ನೀರು ಡಬ್ಬಿಗೆ ಸೇರುವುದಿಲ್ಲ, ಸಂಜೆ ಕುಡಿಯಲೂ ಆಗುತ್ತದೆ. ಇದರ ಕೊರತೆ ಒಂದೇ: ಬಿಸಿ ಪದಾರ್ಥವನ್ನು ಬೇಗ ತಣಿಸಲು ಬಾಟಲಿ ಐಸ್‌ನಿಂದ ಆಗದು. ತಣ್ಣಗಿರುವುದನ್ನು ತಣ್ಣಗೇ ಇಡುವುದಕ್ಕೆ ಮಾತ್ರ ಅದು ಸೈ.

ಎಷ್ಟು ಐಸ್ ಬೇಕು?

ನಾಲ್ಕು ಜನರ ಒಂದು ದಿನವನ್ನು ಲೆಕ್ಕ ಹಾಕೋಣ. ಬೆಳಗ್ಗೆ 6ಕ್ಕೆ ಹೊರಟು ಸಂಜೆ 6ಕ್ಕೆ ಮರಳುವುದು, ಹೊರಗೆ 32 ಡಿಗ್ರಿಯ ಆಸುಪಾಸು. ಸುಮಾರು 3 ಸೆಂಟಿಮೀಟರ್ ದಪ್ಪ ಫೋಮ್ ಗೋಡೆಯ 25 ಲೀಟರ್ ಬಾಕ್ಸ್. ಒಳಗೆ ಒಂದು ಕಿಲೋ ಅನ್ನ, ಅರ್ಧ ಕಿಲೋ ಬೇಯಿಸಿದ ಕೋಳಿಮಾಂಸ, ಅರ್ಧ ಕಿಲೋ ಮೊಸರು, ಒಂದು ಕಿಲೋ ಕತ್ತರಿಸಿದ ಕಲ್ಲಂಗಡಿ, ಒಟ್ಟು 3 ಕಿಲೋ.

ಇಂಥ ಬಾಕ್ಸ್‌ನ ಗೋಡೆಗಳ ಮೂಲಕ ನುಗ್ಗುವ ಶಾಖ ಗಂಟೆಗೆ ಹೆಚ್ಚುಕಡಿಮೆ 170 ಗ್ರಾಂ ಐಸ್ ಕರಗಿಸುತ್ತದೆ. ಹನ್ನೆರಡು ಗಂಟೆಗೆ ಎರಡು ಕಿಲೋ. ವಾಹನದೊಳಗಿನ ಕಾವು, ಮುಚ್ಚಳ ತೆರೆಯುವುದು ಇತ್ಯಾದಿಗೆ ಇನ್ನೊಂದು ಕಿಲೋ ಸೇರಿಸಿ. ಆಹಾರದ ತೂಕದಷ್ಟೇ ಐಸ್, ಅಂದರೆ ಒಂದೊಂದು ಲೀಟರ್ ನೀರು ತುಂಬಿದ ಮೂರು ಬಾಟಲಿ. ಆಹಾರ ಫ್ರಿಜ್‌ನಿಂದ ನೇರ ಬಂದಿದ್ದರೆ ಇಷ್ಟು ಸಾಕು.

ಈಗ ಅದೇ ಮೂರು ಕಿಲೋ ಆಹಾರ 30 ಡಿಗ್ರಿಯಲ್ಲಿ ಒಳಗೆ ಹೋಯಿತು ಎನ್ನಿ. ಅದನ್ನು 5 ಡಿಗ್ರಿಗೆ ಇಳಿಸಲು ಸುಮಾರು 800 ಗ್ರಾಂ ಐಸ್ ಹೋಗುತ್ತದೆ. ಜೊತೆಗೆ ಎರಡು ಲೀಟರ್ ನೀರಿನ ಬೆಚ್ಚಗಿನ ಬಾಟಲಿಯೂ ಸೇರಿದರೆ ಇನ್ನು 600 ಗ್ರಾಂ. ಬಿಸಿಲಿನಲ್ಲಿದ್ದ ಬಾಕ್ಸ್‌ನ ಗೋಡೆಯೇ ತಣಿಯಲು ಇನ್ನೂರು ಗ್ರಾಂ. ಮೂರು ಕಿಲೋದಲ್ಲಿ ಒಂದೂವರೆ ಕಿಲೋಗೂ ಹೆಚ್ಚು ಮೊದಲೇ ಹೋಯಿತು. ಉಳಿದದ್ದು ಎಂಟು ಗಂಟೆಗಳಲ್ಲಿ, ಅಂದರೆ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಸಂಜೆ ನಾಲ್ಕಕ್ಕೆ ಎಂದು ಎತ್ತಿಟ್ಟ ಹಣ್ಣು, ಮೊಸರು ಅಷ್ಟರಲ್ಲಿ ಬೆಚ್ಚಗಾಗಿರುತ್ತವೆ.

ಮುಚ್ಚಳ ತೆರೆಯಬೇಡಿ ಎಂದು ಮಕ್ಕಳನ್ನು ಗದರುವವರೇ ಬೆಚ್ಚಗಿನ ಬಾಟಲಿಯನ್ನು ನಿಶ್ಚಿಂತೆಯಿಂದ ಒಳಗಿಡುತ್ತಾರೆ. ಒಮ್ಮೆ ತೆರೆದು ಕೂಡಲೇ ಮುಚ್ಚಿದರೆ ಒಳಬರುವ ಗಾಳಿ ಕರಗಿಸುವ ಐಸ್ ಕೆಲವೇ ಗ್ರಾಂ. ಆ ಒಂದು ಬಾಟಲಿ ಅದರ ಅನೇಕ ಪಟ್ಟು ನುಂಗುತ್ತದೆ. ಕುಡಿಯುವ ನೀರನ್ನು ಬೇರೆಯ ಚೀಲದಲ್ಲಿ ಒಯ್ಯುವುದು ಇದಕ್ಕೇ.

ಬೆಳಗ್ಗೆ ತುಂಬುವ ಕ್ರಮ

ರಾತ್ರಿಯೇ ಖಾಲಿ ಬಾಕ್ಸ್‌ನೊಳಗೆ ಒಂದು ಹೆಚ್ಚುವರಿ ಐಸ್ ಬಾಟಲಿ ಹಾಕಿ ಮುಚ್ಚಿಟ್ಟಿರಿ. ಬೆಳಗ್ಗೆ ಅದನ್ನು ತೆಗೆದು, ಒಳಗೆ ಜಿನುಗಿದ ನೀರು ಒರೆಸಿ. ಬಾಗಿಲು ದಾಟುವ ಹತ್ತು ನಿಮಿಷ ಮೊದಲಷ್ಟೇ ತುಂಬಲು ಶುರು ಮಾಡಿ.

ಒಂದು ಬಾಟಲಿ ತಳದಲ್ಲಿ ಮಲಗಿಸಿ. ಹಸಿ ಮಾಂಸ ಒಯ್ಯುವುದಿದ್ದರೆ ಅದಕ್ಕೆ ಬೇರೆ ಬಾಕ್ಸೇ ಒಳ್ಳೆಯದು. ಆಗದಿದ್ದರೆ ಎರಡು ಪದರ ಚೀಲದಲ್ಲಿ ಕಟ್ಟಿ ತಳಕ್ಕಿಡಿ, ಅದರ ರಸ ಉಳಿದವಕ್ಕೆ ಸೋರಬಾರದು. ನಡುವೆ ಡಬ್ಬಿಗಳು, ಕೊನೆಗೆ ತಿನ್ನುವುದು ಕೆಳಗೆ, ಮೊದಲು ತಿನ್ನುವುದು ಮೇಲೆ. ತಣ್ಣನೆಯ ಗಾಳಿ ಕೆಳಗಿಳಿಯುವುದರಿಂದ ಉಳಿದ ಎರಡು ಬಾಟಲಿಗಳನ್ನು ಡಬ್ಬಿಗಳ ಮೇಲೆ ಇಡಿ. ತಳದಲ್ಲಿ ಮಾತ್ರ ಐಸ್ ಇಟ್ಟರೆ ಮೇಲಿನ ಡಬ್ಬಿ ಮೊದಲು ಕೆಡುತ್ತದೆ. ಖಾಲಿ ಸಂದುಗಳಿಗೆ ಮಡಿಸಿದ ಟವೆಲ್ ತುರುಕಿ. ಚಿಕ್ಕ ಥರ್ಮಾಮೀಟರ್ ಇದ್ದರೆ ಮೇಲಿನ ಡಬ್ಬಿಯ ಪಕ್ಕ, ಐಸ್‌ಗೆ ತಾಗದಂತೆ ಇಡಿ. ಐಸ್‌ಗೆ ತಾಗಿದರೆ ಅದು ತೋರಿಸುವುದು ಐಸ್‌ನ ಶಾಖವನ್ನೇ, ಊಟದ್ದಲ್ಲ.

ಬಾಕ್ಸ್ ಡಿಕ್ಕಿಯಲ್ಲಿ ಬೇಡ, ಜನ ಕೂರುವ ಜಾಗದಲ್ಲಿ ಇರಲಿ. ತಲುಪಿದ ಮೇಲೆ ನೆರಳಿನಲ್ಲಿಟ್ಟು ಮೇಲೊಂದು ತಿಳಿ ಬಣ್ಣದ ಬಟ್ಟೆ ಹೊದಿಸಿ. ನೆರಳು ಸರಿಯುತ್ತದೆ, ಬಾಕ್ಸೂ ಅದರ ಜೊತೆ ಸರಿಯಬೇಕು.

ಬೆನ್ನ ಮೇಲೆ ಹೊರುವುದಾದರೆ

ಚಾರಣಕ್ಕೆ ಲೆಕ್ಕ ಬೇರೆ. ತೆಳು ಫೋಮ್‌ನ ಹತ್ತು ಲೀಟರ್ ಚೀಲ ಮೇಲೆ ಹೇಳಿದ ಬಾಕ್ಸ್‌ಗಿಂತ ಚಿಕ್ಕದಾದರೂ ಗಂಟೆಗೆ 250 ಗ್ರಾಂ ಐಸ್ ಕಳೆದುಕೊಳ್ಳುತ್ತದೆ. ಅರ್ಧ ಲೀಟರಿನ ಐಸ್ ಬಾಟಲಿ ಎರಡೇ ಗಂಟೆಯ ಮಾತು. ಬ್ಯಾಗಿನ ನಡುವೆ ಬಟ್ಟೆಗಳಲ್ಲಿ ಸುತ್ತಿಟ್ಟರೆ ಇನ್ನಷ್ಟು ಹೊತ್ತು ತಡೆಯುತ್ತದೆ. ಅಂದರೆ ಆರಕ್ಕೆ ಹೊರಟವರು ಮೊಟ್ಟೆ, ಮಾಂಸದಂಥದ್ದನ್ನು ಒಂಬತ್ತರೊಳಗೆ, ಮೊದಲ ನಿಲುಗಡೆಯಲ್ಲೇ ತಿಂದು ಮುಗಿಸಬೇಕು. ಮಧ್ಯಾಹ್ನದ ಊಟಕ್ಕೆ ತಂಪೇ ಬೇಡದ್ದನ್ನು ಆರಿಸಿ: ಬ್ರೆಡ್, ಜಾಮ್, ಕಡಲೆಕಾಯಿ, ಒಣಹಣ್ಣು, ಬಿಸ್ಕತ್ತು, ಕತ್ತರಿಸದ ಹಣ್ಣು. ಐದು ಕಿಲೋ ಐಸ್ ಹೊತ್ತು ಗುಡ್ಡ ಹತ್ತುವುದರಲ್ಲಿ ಅರ್ಥವಿಲ್ಲ.

ಬಿಸಿಯಾಗಿಯೇ ತಿನ್ನಬೇಕೆಂದರೆ ಅಗಲ ಬಾಯಿಯ ಫ್ಲಾಸ್ಕ್ ಬಳಸಿ. ಮೊದಲು ಕುದಿಯುವ ನೀರು ತುಂಬಿ ಹತ್ತು ನಿಮಿಷ ಮುಚ್ಚಿಟ್ಟು ಚೆಲ್ಲಿ, ಕೂಡಲೇ ಕುದಿಯುತ್ತಿರುವ ಆಹಾರವನ್ನು ಬಾಯಿಯವರೆಗೆ ತುಂಬಿ. ಅರ್ಧ ತುಂಬಿದ ಫ್ಲಾಸ್ಕ್ ಬೇಗ ಆರುತ್ತದೆ. ತೆರೆದಾಗ ಹಬೆ ಬರದೆ ಬರೀ ಬೆಚ್ಚಗಿದ್ದರೆ ನಂಬಬೇಡಿ.

ಬಡಿಸುವಾಗ, ಮರಳುವಾಗ

ನಮ್ಮ ಚರ್ಮ, ಮೂಗಿನಲ್ಲಿ ಇರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಕೈಯಿಂದ ಆಹಾರಕ್ಕೆ ಸೇರಿ ಬೆಚ್ಚಗಿನಲ್ಲಿ ಹೆಚ್ಚಿ ವಿಷ ಬಿಡುತ್ತದೆ. ಅದೂ ಬಿಸಿ ಮಾಡಿದರೆ ಹೋಗುವಂಥದ್ದಲ್ಲ. ಸಾಬೂನು ಹಚ್ಚಿ 20 ಸೆಕೆಂಡ್ ಕೈ ತೊಳೆಯಲು ಸಾಕಾಗುವಷ್ಟು ನೀರನ್ನು ಬೇರೆಯಾಗಿ ಒಯ್ಯಿರಿ, ಚಮಚದಲ್ಲೇ ಬಡಿಸಿ. ಒಂದು ಸಲಕ್ಕೆ ಬೇಕಾದ ಡಬ್ಬಿ ಮಾತ್ರ ಹೊರಬರಲಿ, ಒಂದು ಗಂಟೆ ಹೊರಗಿದ್ದದ್ದು ಮತ್ತೆ ಒಳಗೆ ಹೋಗಬಾರದು.

ಮನೆಗೆ ಮರಳಿದ ಮೇಲೆ ಮೂಸಿ ನೋಡಿ ತೀರ್ಮಾನಿಸಬೇಡಿ, ಕಾಯಿಲೆ ತರುವ ಆಹಾರಕ್ಕೆ ವಾಸನೆ ಬರಲೇಬೇಕೆಂದಿಲ್ಲ. ಬಾಟಲಿಗಳಲ್ಲಿ ಇನ್ನೂ ಐಸ್ ಇದ್ದು, ಥರ್ಮಾಮೀಟರ್ 5 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ತೆರೆಯದ ಡಬ್ಬಿಗಳನ್ನು ಫ್ರಿಜ್‌ಗೆ ಸೇರಿಸಬಹುದು. ಐಸ್ ಪೂರ್ತಿ ಕರಗಿ, ಯಾವಾಗ ಕರಗಿತೆಂದು ಗೊತ್ತಿಲ್ಲದಿದ್ದರೆ ಅನ್ನ, ಮಾಂಸ, ಮೊಸರು, ಕತ್ತರಿಸಿದ ಹಣ್ಣನ್ನು ಬಿಸಾಡಿ. ಬಾಕ್ಸನ್ನು ಅದೇ ಸಂಜೆ ಸಾಬೂನು ನೀರಿನಲ್ಲಿ ತೊಳೆದು, ಮುಚ್ಚಳದ ಅಂಚಿನ ರಬ್ಬರ್ ಪಟ್ಟಿಯ ಸಂದನ್ನೂ ಒರೆಸಿ, ಪೂರ್ತಿ ಒಣಗುವವರೆಗೆ ಮುಚ್ಚಳ ತೆರೆದಿಡಿ. ಒದ್ದೆಯಾಗಿಯೇ ಮುಚ್ಚಿದರೆ ಮುಂದಿನ ಸಲ ತೆರೆದಾಗ ಆ ಪಟ್ಟಿಗೆ ಬೂಷ್ಟು ಹಿಡಿದಿರುತ್ತದೆ.